ಮದ್ದೂರು ವಡೆಯೂ ಮೇಷ್ಟ್ರ ಸೊಂಟವೂ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೊರಟ ಬಸ್ಸು ಹಂಗಳದಲ್ಲಿ ನಿಂತಾಗ, ಇಳಿಯುವವರಲ್ಲಿ ಯಾರು ಎಷ್ಟು ದೂರದಿಂದ ಬಂದವರೆಂದು ಟಿಕೆಟ್ ನೋಡದೆಯೇ ಹೇಳಿಬಿಡಬಹುದು. ಗುಂಡ್ಲುಪೇಟೆಯಲ್ಲಿ ಹತ್ತಿದವರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ನೆಲ ಮುಟ್ಟಿರುತ್ತಾರೆ. ಮೈಸೂರಿನಿಂದ ಬಂದವರು ಮೆಟ್ಟಿಲ ಮೇಲೆ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಬೆಂಗಳೂರಿನಿಂದ ಹೊರಟವರು ಮೊದಲು ಒಂದು ಕಾಲು ಇಳಿಸಿ, ನಡುವೆ ಒಮ್ಮೆ ‘ಅಮ್ಮಾ’ ಎಂದು, ಆಮೇಲೆ ಇನ್ನೊಂದು ಕಾಲನ್ನು ಇಳಿಸುತ್ತಾರೆ. ಅಮೆರಿಕದ ಮಗಳ ಮನೆಯಿಂದ ವಿಮಾನದಲ್ಲಿ ಬಂದು, ಅದೇ ಬಿಸಿಯಲ್ಲಿ ಬಸ್ಸನ್ನೂ ಹತ್ತಿದವರನ್ನು ಇನ್ನೊಬ್ಬರು ಇಳಿಸಿಕೊಳ್ಳಬೇಕಾಗುತ್ತದೆ.

ಸೊಂಟ ಹಿಡಿಯುವುದು ಹೊಸ ಕಾಯಿಲೆಯೇನಲ್ಲ. ಆದರೆ ಮೈಸೂರು ರಸ್ತೆಯಲ್ಲಿ ಅದಕ್ಕೆ ಇದ್ದ ಹಳೆಯ ಮದ್ದೊಂದು ಕೈತಪ್ಪಿದೆ. ಆ ಮದ್ದಿನ ಹೆಸರು ಮದ್ದೂರು ವಡೆ. ವಡೆಯಲ್ಲಿ ಸೊಂಟಕ್ಕೆ ಬೇಕಾದ್ದೇನೂ ಇರಲಿಲ್ಲ. ಅದನ್ನು ತಿನ್ನಲು ಸೀಟಿನಿಂದ ಏಳಬೇಕಿತ್ತು, ಇಳಿಯಬೇಕಿತ್ತು, ನಿಂತೇ ತಿನ್ನಬೇಕಿತ್ತು, ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ನಡೆಯಬೇಕಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಹೊತ್ತು ಉಳಿಯಿತು, ಏಳುವ ನೆಪ ಹೋಯಿತು. ಊಟಿಗೋ ಮಸಿನಗುಡಿಗೋ ಕಾರಿನಲ್ಲಿ ಹೋಗುವವರಿಗೆ ಇನ್ನೊಂದು ಅವಸರವಿದೆ. 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಗೇಟು ಬೀಳುವುದರೊಳಗೆ ದಾಟಬೇಕೆಂದು ಹೊರಟವರ ಕಾರಿನಲ್ಲಿ ‘ಒಸಿ ನಿಲ್ಸಪ್ಪ, ಕಾಲು ಹಿಡ್ಕತು’ ಎಂದ ಅಜ್ಜನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹಂಗಳದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಪ್ರಯಾಣವನ್ನೇ ತೆಗೆದುಕೊಳ್ಳೋಣ. ಮಗಳ ಮನೆಯಿಂದ ಹೆಂಡತಿಯೊಂದಿಗೆ ಹೊರಟರು. ಬೆಂಗಳೂರಿನ ಸ್ಯಾಟಲೈಟ್ ನಿಲ್ದಾಣದಿಂದ ಮೈಸೂರು, ಅಲ್ಲಿಂದ ಗುಂಡ್ಲುಪೇಟೆ, ಅಲ್ಲಿಂದ ಊರು. ಮಗಳು ಪ್ರೀತಿಯಿಂದ ಒಂದು ಟೇಬಲ್ ಟಾಪ್ ಗ್ರೈಂಡರ್ ಕಟ್ಟಿಕೊಟ್ಟಿದ್ದಳು. ಕಲ್ಲು ಸೇರಿ ಹತ್ತು ಹನ್ನೆರಡು ಕೆ.ಜಿ. ತೂಕ. ಶಕ್ತಿ ಯೋಜನೆಯ ದೆಸೆಯಿಂದ ಹೆಂಡತಿಗೆ ಸೊನ್ನೆ ರೂಪಾಯಿ ಟಿಕೆಟ್, ಮೇಷ್ಟ್ರಿಗೆ ದುಡ್ಡಿನ ಟಿಕೆಟ್. ಇಬ್ಬರಿಗೂ ಸಿಕ್ಕಿದ್ದು ಹಿಂದಿನ ಚಕ್ರಕ್ಕೂ ಆಚೆಯ ಸೀಟು. ಬಸ್ಸಿನಲ್ಲಿ ಕುಲುಕಾಟ ಹೆಚ್ಚು ಇರುವ ಜಾಗವೇ ಅದು. ಎರಡು ಚಕ್ರಗಳ ನಡುವಿನ ಸೀಟು ಸಿಕ್ಕಿದ್ದರೆ ಅರ್ಧ ಗೆದ್ದಂತಿತ್ತು.

ಮೇಷ್ಟ್ರು ಶಿಸ್ತಿನ ಮನುಷ್ಯ. ಕೂತರೆಂದರೆ ಕೂತರು. ಹಿಂದಿನ ಜೇಬಿನಲ್ಲಿ ಪರ್ಸು. ಅದರಲ್ಲಿ ಆಧಾರ್ ಕಾರ್ಡು, ಪಿಂಚಣಿಯ ಕಾಗದ, ಮಂಜುನಾಥಸ್ವಾಮಿಯ ಫೋಟೊ, ಹಳೆಯ ರಸೀದಿಗಳೆಲ್ಲ ಸೇರಿ ಒಂದು ಇಟ್ಟಿಗೆಯ ದಪ್ಪ. ಆ ಕಡೆಯ ಕುಂಡಿ ಎತ್ತರ, ಈ ಕಡೆಯದು ತಗ್ಗು. ಬಿಡದಿ ದಾಟುವುದರೊಳಗೆ ನಿದ್ದೆ ಬಂತು. ಸೊಂಟ ಮುಂದಕ್ಕೆ ಜಾರಿತು, ಬೆನ್ನಿನ ಕೆಳಭಾಗದಲ್ಲಿ ಸಹಜವಾಗಿ ಒಳಕ್ಕೆ ಬಾಗಿರಬೇಕಾದ ತಿರುವು ಹೊರಕ್ಕೆ ಗೂನಾಯಿತು. ಮೈಸೂರಿನವರೆಗೂ ಅದೇ ಭಂಗಿ.

ಹೆಂಡತಿಯ ರೀತಿಯೇ ಬೇರೆ. ಅವರು ಎಡಕ್ಕೆ ತಿರುಗಿ ಪಕ್ಕದವರ ಊರು ಕೇಳಿದರು, ಹಿಂದಕ್ಕೆ ತಿರುಗಿ ಮಗುವಿಗೆ ಚಕ್ಕುಲಿ ಕೊಟ್ಟರು. ಬಗ್ಗಿ ಕಾಲಡಿಯ ಚೀಲ ಇದೆಯೇ ಎಂದು ಆಗಾಗ ನೋಡಿದರು, ಮತ್ತೆ ನೆಟ್ಟಗೆ ಕೂತು ಸೆರಗು ಸರಿ ಮಾಡಿಕೊಂಡರು. ಚಪ್ಪಲಿ ಕಳಚಿ ಪಾದ ಆಡಿಸಿದರು. ಮೇಲಿನ ಕಂಬಿಯ ಮೇಲಿಟ್ಟ ಬುಟ್ಟಿ ಮುಟ್ಟಿ ನೋಡಲು ಎದ್ದು ಕೈ ಚಾಚಿದರು. ಮೇಷ್ಟ್ರು ಅರೆಗಣ್ಣಿನಲ್ಲಿ, “ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಂಗೆ?” ಎಂದರು. ಆಗಬಾರದು ಎಂಬುದೇ ಬೆನ್ನಿನ ತಜ್ಞರ ಮಾತು. ಫಿಸಿಯೋಥೆರಪಿಸ್ಟ್ ಹಣ ತೆಗೆದುಕೊಂಡು ಹೇಳಿಕೊಡುವ ಪಾಠದ ಬಹುಪಾಲು ಆಕೆ ಸೊನ್ನೆ ಟಿಕೆಟ್ಟಿನಲ್ಲಿ ಮುಗಿಸಿದ್ದರು.

ಚಕ್ಕುಲಿಯನ್ನು ಪಕ್ಕಕ್ಕಿಟ್ಟು ಅದನ್ನೇ ಕ್ರಮವಾಗಿ ಹೇಳುವುದಾದರೆ ಹೀಗೆ. ಅರ್ಧ ಗಂಟೆಗೊಮ್ಮೆ, ಎರಡೂ ಪಾದ ನೆಲಕ್ಕೂರಿ, ಸೊಂಟವನ್ನು ನಿಧಾನವಾಗಿ ಮುಂದಕ್ಕೆ ಉರುಳಿಸಿ ಬೆನ್ನು ಒಳಕ್ಕೆ ಬಾಗಿಸಬೇಕು. ಹಾಗೆಯೇ ಹಿಂದಕ್ಕೆ ಉರುಳಿಸಿ ಗುಂಡಗಾಗಿಸಬೇಕು. ಎಂಟು ಹತ್ತು ಸಲ ಸಾಕು. ಒಂದು ಕುಂಡಿ ಎತ್ತಿ ಇಳಿಸಿ, ಆಮೇಲೆ ಇನ್ನೊಂದು. ಪಕ್ಕದವರು ಬೇರೇನೋ ಅಂದುಕೊಂಡಾರು, ಅದಕ್ಕೆ ಮುಖ ಗಂಭೀರವಾಗಿರಲಿ. ಎರಡೂ ಕೈ ಮೇಲೆತ್ತಿ ಉದ್ದಕ್ಕೆ ಚಾಚಿ ಒಂದು ದೀರ್ಘ ಉಸಿರು. ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು. ಟವೆಲ್ಲನ್ನು ಸುರುಳಿ ಸುತ್ತಿ ಬೆಲ್ಟಿಗಿಂತ ತುಸು ಮೇಲೆ ಬೆನ್ನಿಗಿಟ್ಟರೆ ಒಳತಿರುವು ಉಳಿಯುತ್ತದೆ. ಸುರುಳಿ ಮುಷ್ಟಿಗಿಂತ ದಪ್ಪವಾದರೆ ಅದೇ ನೋವು ಕೊಡುತ್ತದೆ. ಪರ್ಸು ಮುಂದಿನ ಜೇಬಿಗೆ ಬರಬೇಕು. ಪಾದ ನೆಲಕ್ಕೆ ಎಟುಕದವರಿಗೆ ಕಾಲಡಿ ಒಂದು ಚೀಲ.

ಪಾದದ ಆಟವನ್ನು ವಿಮಾನದವರು ಬಿಡಲೇಬಾರದು. ಅದು ಬೆನ್ನಿಗಿಂತ ಮೀನಖಂಡದ ರಕ್ತಕ್ಕೆ ಬೇಕಾದದ್ದು. 2021ರ ಜನವರಿಯಲ್ಲಿ ಶುರುವಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನದಂಥ ಹಾರಾಟವೆಂದರೆ ಹದಿನಾರು ಹದಿನೇಳು ಗಂಟೆಯ ಕೂರುವಿಕೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಪ್ರಯಾಣ ಮಾಡಿದವರಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಎರಡು ಪಟ್ಟಾದ ಮೇಲೂ ಅದು ಸುಮಾರು ಆರು ಸಾವಿರಕ್ಕೊಬ್ಬರ ಲೆಕ್ಕ, ಹೆದರಬೇಕಾಗಿಲ್ಲ. ಆದರೆ ಊರಿಗೆ ಬಂದ ಮೇಲೆ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದಕ್ಕೆ ಎಣ್ಣೆ ತಿಕ್ಕುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು.

ಇನ್ನು ಮೇಷ್ಟ್ರು ಹಂಗಳದಲ್ಲಿ ಇಳಿದ ಗಳಿಗೆಗೆ ಬರೋಣ. ಆವರೆಗೆ ಅವರ ಸೊಂಟ ಬಿಗಿದಿತ್ತೇ ಹೊರತು ಹಿಡಿದಿರಲಿಲ್ಲ. ಕಂಡಕ್ಟರ್ “ಬೇಗ ಬೇಗ” ಎಂದ. ಮೇಷ್ಟ್ರು ಇಳಿದ ಕಾಲಲ್ಲೇ ತಿರುಗಿ, ಬಗ್ಗಿ, ಬಸ್ಸಿನ ಮೆಟ್ಟಿಲ ಹತ್ತಿರ ಇಟ್ಟಿದ್ದ ಗ್ರೈಂಡರಿನ ಪೆಟ್ಟಿಗೆಯನ್ನು ಎಳೆದು ಎತ್ತಿದರು. ಎತ್ತಿದ್ದು ಅರ್ಧ. ಉಳಿದರ್ಧಕ್ಕೆ ಅವರು ಮೇಲೆ ಏಳಲೇ ಇಲ್ಲ. ಬಸ್ಸು ಹೊರಟಿತು, ಮೇಷ್ಟ್ರು ಪ್ರಶ್ನಾರ್ಥಕ ಚಿಹ್ನೆಯಾಗಿ ನಿಂತರು. ಟೀ ಅಂಗಡಿಯಿಂದ ಒಬ್ಬರು, “ಮೇಷ್ಟ್ರೇ, ಸೊಂಟ ಹಿಡ್ಕಬುಡ್ತಾ?” ಎಂದು ಕೇಳಿದರು. ಉತ್ತರ ಕೊಡಲು ಮೇಷ್ಟ್ರಿಗೆ ಮುಖ ಎತ್ತಲಾಗಲಿಲ್ಲ.

ಎಲ್ಲರೂ ಬಸ್ಸನ್ನು ಬೈದರು. ಬಸ್ಸು ಅರ್ಧದಷ್ಟು ನಿರಪರಾಧಿ. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್-ಯೋಆಕಿಮ್ ವಿಲ್ಕ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸೂಜಿಯನ್ನು ಇಟ್ಟು, ನಿಲ್ಲಿಸಿ ಕೂರಿಸಿ ಮಲಗಿಸಿ ಲೆಕ್ಕ ಹಾಕಿದರು. ಪಂಕ್ಚರ್ ಅಂಗಡಿಯ ಪೌಂಡ್ ಲೆಕ್ಕದಲ್ಲಿ ಹೇಳಿದರೆ, ನಿಂತಾಗ ಎಪ್ಪತ್ತರ ಆಸುಪಾಸು, ಒರಗದೆ ಆರಾಮವಾಗಿ ಕೂತಾಗ ಅದಕ್ಕಿಂತ ತುಸು ಕಡಿಮೆಯೇ. ಮಲಗಿದಾಗ ಹದಿನೈದು. ಬೆನ್ನು ಗುಂಡಗೆ ಮಾಡಿ ಬಗ್ಗಿ 20 ಕೆ.ಜಿ. ಎತ್ತಿದಾಗ ಮುನ್ನೂರು ಮೂವತ್ತು! ಬಸ್ಸಿನ ಟೈರಿಗೆ ಹಿಡಿಸುವುದು ನೂರಹತ್ತರ ಆಸುಪಾಸು ಅಷ್ಟೆ. ಒಬ್ಬನೇ ಮನುಷ್ಯನ ಅಳತೆ ಇದು, ಎಲ್ಲರ ಡಿಸ್ಕಿಗೂ ಇದೇ ಅಂಕಿ ಎನ್ನಲಾಗದು. ಆದರೂ ಕೂತದ್ದಕ್ಕೂ ಎತ್ತಿದ್ದಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ಅದೇ ಪೆಟ್ಟಿಗೆಯನ್ನು ಮಗಳ ಮನೆಯಲ್ಲಿ ಬೆಳಿಗ್ಗೆ ಎತ್ತಿ ಆಟೋಗೆ ಇಟ್ಟಾಗ ಏನೂ ಆಗಲಿಲ್ಲವಲ್ಲ? ಬಸ್ಸಿನ ಪಾಲಿನ ತಪ್ಪು ಇರುವುದು ಇಲ್ಲಿಯೇ. ಬೆನ್ನನ್ನು ಬಹಳ ಹೊತ್ತು ಗುಂಡಗೆ ಮಡಚಿಟ್ಟರೆ ಬೆನ್ನುಮೂಳೆಯ ಮಣಿಗಳನ್ನು ಒಂದಕ್ಕೊಂದು ಕಟ್ಟಿರುವ ರಜ್ಜುಗಳು ಮೆಲ್ಲಗೆ ಹಿಗ್ಗಿ ಸಡಿಲವಾಗುತ್ತವೆ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಅಳೆದರು. ಇಪ್ಪತ್ತು ನಿಮಿಷ ಪೂರ್ತಿ ಬಗ್ಗಿ ಕೂತ ಮೇಲೆ, ಎದ್ದ ಎರಡು ನಿಮಿಷದಲ್ಲಿ ಸುಮಾರು ಅರ್ಧದಷ್ಟು ಬಿಗಿ ಮರಳುತ್ತದೆ. ಅರ್ಧ ಗಂಟೆಯಾದರೂ ಇನ್ನೂ ಒಂದಿಷ್ಟು ಸಡಿಲ ಉಳಿದಿರುತ್ತದೆ. ಮೇಷ್ಟ್ರು ಕೊಟ್ಟದ್ದು ಎರಡು ಸೆಕೆಂಡು.

ಕಂಡಕ್ಟರ್ ಎಷ್ಟೇ ಸೀಟಿ ಊದಲಿ, ಮೇಷ್ಟ್ರಿಗೆ ದಾರಿ ಇತ್ತು. ಬಸ್ಸು ಊರ ಹತ್ತಿರದ ತಿರುವಿಗೆ ಬರುವಾಗಲೇ ಸೀಟಿನಲ್ಲಿ ಸೊಂಟ ಉರುಳಿಸಿಕೊಂಡು, ಎದ್ದು ಕಂಬಿ ಹಿಡಿದು ನಿಲ್ಲಬಹುದಿತ್ತು. ಪೆಟ್ಟಿಗೆಯನ್ನು ಇಳಿಸಿಕೊಡಲು ಅಂಗಡಿಯ ಹುಡುಗನನ್ನು ಕೂಗಬಹುದಿತ್ತು. ಇಳಿದ ಮೇಲೆ ಕೈಗಳನ್ನು ಸೊಂಟದ ಹಿಂದೆ ಇಟ್ಟು, ನೋವಾಗದಷ್ಟೇ ಹಿಂದಕ್ಕೆ ಐದಾರು ಸಲ ಬಾಗಿ, ಒಂದು ಟೀ ಕುಡಿಯುವಷ್ಟು ಹೊತ್ತು ಅಡ್ಡಾಡಿ, ಆಮೇಲೆ ಮಂಡಿ ಮಡಚಿ ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು ಎತ್ತಬಹುದಿತ್ತು. ಕಾಲ್ಬೆರಳು ಮುಟ್ಟುವ ಕಸರತ್ತು ಮಾತ್ರ ಆ ಹೊತ್ತಿಗೆ ಬೇಡ. ಅದು ಹಿಗ್ಗಿದ್ದನ್ನೇ ಇನ್ನಷ್ಟು ಹಿಗ್ಗಿಸುತ್ತದೆ.

ಮನೆಗೆ ಬಂದ ಮೇಲೆ ಸಲಹೆಗಳ ಸಂತೆ. ಒಬ್ಬರು ಸೊಂಟ ಲಟಕ್ಕೆನ್ನಿಸಲು ತಯಾರಾದರು. ಇನ್ನೊಬ್ಬರು ಮೊಮ್ಮಗನನ್ನು ಬೆನ್ನ ಮೇಲೆ ಹತ್ತಿಸಿ ತುಳಿಸಿ ಅಂದರು. ಅರವತ್ತು ದಾಟಿದವರ ಮೂಳೆ ಸವೆದಿದ್ದರೆ ಆ ತುಳಿತಕ್ಕೆ ಬಿರುಕು ಬಿಡಬಹುದು. ಹೆಂಡತಿ ಇಬ್ಬರನ್ನೂ ಕಾಫಿ ಕೊಟ್ಟು ಕಳಿಸಿದರು. ಮೇಷ್ಟ್ರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೀನಖಂಡಗಳನ್ನು ಕುರ್ಚಿಯ ಮೇಲೆ ಇಡಿಸಿದರು. ಹತ್ತು ನಿಮಿಷದಲ್ಲಿ ಮುಲುಗು ಇಳಿಯಿತು. ಬಿಸಿನೀರ ಸ್ನಾನವಾಯಿತು. ಹಾಸಿಗೆ ಹಿಡಿದು ಮಲಗಲು ಬಿಡಲಿಲ್ಲ. ಗಂಟೆಗೊಮ್ಮೆ ಎಬ್ಬಿಸಿ ಪಡಸಾಲೆಯಲ್ಲಿ ನಡೆಸಿದರು. ಅದೇ ಸರಿಯಾದ ಚಿಕಿತ್ಸೆ.

ಮರುದಿನ ಬೆಳಿಗ್ಗೆ ಇನ್ನೊಂದು ಗಂಡಾಂತರ ಕಾದಿತ್ತು. ಮನೆಯ ಹಿಂದೆ ಚೆಂಡುಹೂವಿನ ತಾಕು. ಕೊಯ್ಲು ಬೆಳಗಿನ ಜಾವವೇ. ರಾತ್ರಿಯಿಡೀ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಅದರಿಂದಲೇ ನಾವೆಲ್ಲ ಬೆಳಿಗ್ಗೆ ಒಂದೆರಡು ಸೆಂಟಿಮೀಟರ್ ಎತ್ತರವಾಗಿ ಏಳುತ್ತೇವೆ. ಆ ಉಬ್ಬಿದ ಡಿಸ್ಕಿನೊಂದಿಗೆ ಬಗ್ಗಿದರೆ ಒತ್ತಡ ಹೆಚ್ಚು. ಎದ್ದು ಒಂದು ಗಂಟೆ ಓಡಾಡಿದರೆ ಹೀರಿದ್ದರಲ್ಲಿ ಸುಮಾರು ಅರ್ಧ ಇಳಿದುಹೋಗುತ್ತದೆ. ಆದ್ದರಿಂದ ಮೇಷ್ಟ್ರಿಗೆ ಹೂ ಕೊಯ್ಯುವ ಬದಲು ಕೊಯ್ದ ಹೂವಿನ ಚೀಲಗಳನ್ನು ಎಣಿಸುವ ಕೆಲಸ ಸಿಕ್ಕಿತು.

ಸಾಮಾನ್ಯವಾಗಿ ಇಂಥ ನೋವು ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಳಿಯದೆ ಮಂಡಿಯಿಂದ ಕೆಳಗೆ ಜೋಮು ಹಿಡಿದರೆ, ಪಾದ ಎತ್ತಲು ಬಾರದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಬೇಕು. ಮೇಷ್ಟ್ರಿಗೆ ಅದ್ಯಾವುದೂ ಆಗಲಿಲ್ಲ. ಗ್ರೈಂಡರನ್ನು ಪಕ್ಕದ ಮನೆಯ ಹುಡುಗ ಟಿವಿಎಸ್‌ನಲ್ಲಿ ತಂದುಕೊಟ್ಟ. ಮಗಳು ಫೋನಿನಲ್ಲಿ, “ಅಪ್ಪಾ, ಮುಂದಿನ ಸಲ ಮಿಕ್ಸಿನೂ ತಗೊಂಡೋಗಿ” ಅಂದಳು. ಮೇಷ್ಟ್ರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, “ಸೊನ್ನೆ ಟಿಕೆಟ್ಟಿನವರು ಹೋಗಿ ತರ್ತಾರಂತೆ ಅಂತ ಹೇಳು” ಎಂದರು.