ಬ್ಯಾಂಕಿನ ಗದರಿಕೆ, ಕೆಫೆಯ ಕರೆಯೋಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತು ನಡೆಸುವವರೂ ಇದ್ದಾರೆ, ಗೋಗಟೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ ಇದ್ದಾರೆ. ಇಬ್ಬರ ಮೊಬೈಲಿಗೂ ಎರಡು ಥರದ ಪೋಸ್ಟು ಬರುತ್ತವೆ.

ಕೆಫೆಯದು ಹೀಗಿರುತ್ತದೆ: "ಬರ್ರಿ ದೋಸ್ತ್! ಕೋಲ್ಡ್ ಕಾಫಿ ಒಂದಕ್ಕ ಒಂದು ಫ್ರೀ. ಇವತ್ತ ಸಂಜೀ ಏಳರ ತನಕ ಅಷ್ಟ!" ಬ್ಯಾಂಕಿನದು: "ಗ್ರಾಹಕರು ತಮ್ಮ ಒಟಿಪಿ, ಪಿನ್ ಇತ್ಯಾದಿ ಗೌಪ್ಯ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಬಾರದೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ತಿಳಿಯಪಡಿಸಿದವರು ಯಾರು? ಗೊತ್ತಿಲ್ಲ. ಕೆಫೆಯವನು ಹೆಗಲ ಮೇಲೆ ಕೈ ಹಾಕಿ ಮಾತಾಡಿದರೆ, ಬ್ಯಾಂಕು ಗೋಡೆಯ ಆಚೆಯಿಂದ ಗದರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಅಣ್ಣತಮ್ಮಂದಿರೇ. ಬೇಕಾದ ಮಾತನ್ನು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆಯುತ್ತಾರೆ. ಕೆಫೆ ಅಡಗಿಸುವುದು ಷರತ್ತನ್ನು. ಬ್ಯಾಂಕು ಅಡಗಿಸುವುದು, ಅಯ್ಯೋ, ಮೋಸವಾದರೆ ಕರೆ ಮಾಡಬೇಕಾದ 1930 ನಂಬರನ್ನು!

ಈಗ ವರ್ಕ್‌ಶಾಪಿನ ಒಬ್ಬ ಮಾಲೀಕರು ಹಳೆ ಡ್ರಿಲ್ಲಿಂಗ್ ಮಷಿನ್ ಮಾರಲು ಆನ್‌ಲೈನಿನಲ್ಲಿ ಹಾಕಿದರು ಅಂದುಕೊಳ್ಳಿ. "ಅಡ್ವಾನ್ಸ್ ಕಳಸ್ತೀನ್ರಿ ಕಾಕಾ, ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ, ಪಿನ್ ಹಾಕ್ರಿ, ಲಗೂನ ಮಾಡ್ರಿ, ಇನ್ನೊಬ್ಬರು ಕೇಳಾಕತ್ತಾರ" ಅಂತ ಫೋನು. ಕಾಕಾ ಪಿನ್ ಹಾಕಿದರು, ರೊಕ್ಕ ಬರಲಿಲ್ಲ, ಹೋಯಿತು. ಬ್ಯಾಂಕಿನ ಮಾತನ್ನು ಅವರು ಮೀರಿಲ್ಲ, ನೋಡಿ. ಪಿನ್ ಯಾರಿಗೂ ಹೇಳಲಿಲ್ಲ, ತಾವೇ ಒತ್ತಿದರು! ಯುಪಿಐ ಪಿನ್ ಬೇಕಾಗುವುದು ರೊಕ್ಕ ಕೊಡುವುದಕ್ಕೆ, ತಗೊಳ್ಳುವುದಕ್ಕಲ್ಲ ಎಂಬ ಒಂದು ಮಾತು ಆ ಉದ್ದನೆಯ ವಾಕ್ಯದಲ್ಲಿ ಇರಲೇ ಇಲ್ಲ.

ಕಳ್ಳನ ಜಾಣತನ ಇಲ್ಲೇ ಇದೆ. ಹೆಸರು ಬ್ಯಾಂಕಿನದೋ ಗಿರಾಕಿಯದೋ ಇರಲಿ, ದನಿ ಮಾತ್ರ ಕೆಫೆಯದು: ಸಲಿಗೆ, ಲಾಭ, ಗಡಿಬಿಡಿ. ಬ್ಯಾಂಕುಗಳಿಗೂ ಇದು ಹೊಳೆಯದೆ ಇಲ್ಲ. ಎಚ್‌ಡಿಎಫ್‌ಸಿ ಬ್ಯಾಂಕು 2022ರಲ್ಲಿ ವಿಜಿಲ್ ಆಂಟಿ ಎಂಬ ಪಾತ್ರವನ್ನೇ ತಂದು ನಗಿಸುತ್ತ ಎಚ್ಚರಿಸಿತು. ಹಾಗಂತ ಬ್ಯಾಂಕು ಪೂರ್ತಿ ಕೆಫೆಯ ಹಾಗೆ ಮಾತಾಡುವುದೂ ಬೇಡ. "ಇವತ್ತ ಕೆವೈಸಿ ಮಾಡ್ರಿ, ಇಲ್ಲಾಂದ್ರ ಅಕೌಂಟ್ ಬಂದ್" ಎಂದು ಅದೇ ಅವಸರಪಡಿಸಿದರೆ, ಅಸಲಿ ಯಾವುದು, ನಕಲಿ ಯಾವುದು?

ಸಲಿಗೆ ತಗೊಳ್ಳಲಿ, ಅವಸರ ಬಿಡಲಿ. "ಕಾಕಾ, ಪಿನ್ ಹಾಕಿದ್ರ ರೊಕ್ಕ ಹೋಗತಾವ, ಬರೂದಿಲ್ಲ. ಹೋದ್ರ ಮೊದಲ 1930ಕ್ಕ ಫೋನ್ ಮಾಡ್ರಿ" ಅಂದರೆ ಸಾಕು, ನಂಬರು ದೊಡ್ಡದಾಗಿರಲಿ. ಬೇಗ ತಿಳಿಸಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.

ಓದುವವರಿಗೂ ಒಂದು ಮಾತು: ಅವಸರಪಡಿಸಿದವನು ಕೆಫೆಯವನಾದರೆ ಕಾಫಿ ಕುಡಿಯಿರಿ, ಬ್ಯಾಂಕಿನ ಹೆಸರು ಹೇಳಿದವನಾದರೆ ಫೋನ್ ಇಡಿರಿ.