ಹಾಯ್ ಎನ್ನಲೋ, ಮಾನ್ಯರೇ ಎನ್ನಲೋ

ನಲವತ್ತೇಳರಲ್ಲಿ ಕೆಲಸ ಹುಡುಕುವವನಿಗೆ ರೆಸ್ಯೂಮೆ ಕಷ್ಟವಲ್ಲ, ಅದರ ಜೊತೆ ಹೋಗುವ ಮೇಲ್‌ನ ಮೊದಲ ಪದ ಕಷ್ಟ. ಶಾಲೆಯಲ್ಲಿ ನಮಗೆ ಕಲಿಸಿದ್ದು ಜ್ವರಕ್ಕೆ ರಜೆ ಕೇಳುವ ಅರ್ಜಿಯೊಂದನ್ನೇ. ಅದು ‘ಮಾನ್ಯರೇ’ ಎಂದು ಶುರುವಾಗಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಯುತ್ತಿತ್ತು. ಹಾಗಾಗಿ ಕಿರಣ್ ಎಂಬ ರಿಕ್ರೂಟರ್‌ಗೆ ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದು, ಕೊನೆಗೆ ‘ಯುವರ್ಸ್ ಒಬಿಡಿಯಂಟ್ಲಿ’ ಎಂದು ಕೈಮುಗಿದೆ.

ಮಧ್ಯಾಹ್ನ ಫೋನ್ ಬಂತು. “ಸರ್, ನಾನು ಕಿರಣ್. ಆದರೆ ನಾನು ಸರ್ ಅಲ್ಲ ಸರ್!” ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕಿರಣ್, ಶಶಿ, ಸುಮನ್ ಇಂಥ ಹೆಸರು ಕಂಡರೆ ಸರ್, ಮೇಡಂ ಎರಡನ್ನೂ ಬಿಟ್ಟು ‘ಡಿಯರ್ ಕಿರಣ್’ ಎನ್ನುವುದು ಕ್ಷೇಮ ಎಂದು ಅವತ್ತು ಕಲಿತೆ. ಫೋನಿನಲ್ಲಿ ಮಾತಿಗೆ ನಾಲ್ಕು ಸಲ ಸರ್ ಎಂದ ಆ ಹುಡುಗಿ, ಸಂಜೆಯ ಮೇಲ್‌ನಲ್ಲಿ ‘ಹಾಯ್’ ಎಂದು ನನ್ನ ಹೆಸರು ಹಿಡಿದೇ ಕರೆದಿದ್ದಳು.

ಮೊದಲು ಕಸಿವಿಸಿಯಾಯಿತು. ಆಮೇಲೆ ಹೊಳೆಯಿತು. ಕನ್ನಡದಲ್ಲಿ ‘ಕಳಿಸಿ’, ‘ಬನ್ನಿ’, ‘ನೋಡಿದಿರಾ’ ಎಂದು ಪ್ರತಿ ಕ್ರಿಯಾಪದವೂ ಒಂದಿಷ್ಟು ಮರ್ಯಾದೆ ಹೊರುತ್ತದೆ. ಇಂಗ್ಲಿಷಿನ ‘ಯೂ’ಗೆ ನೀನೂ ಒಂದೇ, ನೀವೂ ಒಂದೇ. ಹಾಗಾಗಿ ಅಲ್ಲಿ ಮರ್ಯಾದೆಯ ಮೂಟೆಯೆಲ್ಲ ಮೊದಲ ಸಾಲಿನ ಮತ್ತು ಕೊನೆಯ ಸಾಲಿನ ತಲೆ ಮೇಲೆ. ನಮ್ಮಂಥವರು ಆ ಎರಡು ಕಡೆ ಹೆದರಿ ಹೆಚ್ಚೇ ಹೇರುತ್ತೇವೆ.

ಹೊಸ ಪಾಠದ ಹುರುಪಿನಲ್ಲಿ ಮುಂದಿನವರಿಗೆ ‘ಹಾಯ್’ ಎಂದು ಬರೆದು ‘ಚಿಯರ್ಸ್’ ಎಂದು ಮುಗಿಸಿದೆ. ಅವರು ಅರವತ್ತು ದಾಟಿದ, ಸ್ವಂತ ಕನ್ಸಲ್ಟೆನ್ಸಿ ನಡೆಸುವ ಹಿರಿಯರು. ‘ಡಿಯರ್ ಮಿಸ್ಟರ್’ ಎಂದು ನನ್ನ ಪೂರ್ತಿ ಹೆಸರು ಬರೆದು, ‘ನೋಟೆಡ್’ ಎಂಬ ಒಂದೇ ಪದ ಹಾಕಿ, ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಬಾಗಿಲು ಮುಚ್ಚಿದರು. ಆ ಬಾಗಿಲು ಮತ್ತೆ ತೆರೆಯಲಿಲ್ಲ.

ಈಗ ನಾನು ವಯಸ್ಸು ಊಹಿಸುವುದಿಲ್ಲ. ಮೊದಲ ಮೇಲ್ ಯಾರಿಗಾದರೂ ‘ಡಿಯರ್’ ಮತ್ತು ಪೂರ್ತಿ ಹೆಸರು, ಕೊನೆಗೆ ‘ರಿಗಾರ್ಡ್ಸ್’. ಉತ್ತರ ಬಂದಾಗ ಹುದ್ದೆ, ಫೋನ್ ನಂಬರಿನ ಸಮೇತ ತಾನಾಗಿಯೇ ಅಂಟಿಕೊಳ್ಳುವ ಸಹಿಯನ್ನು ನೋಡುವುದಿಲ್ಲ. ಅದರ ಮೇಲೆ ಅವರೇ ಕೈಯಾರೆ ಟೈಪ್ ಮಾಡಿದ ಹೆಸರನ್ನು ನೋಡುತ್ತೇನೆ. ಬರೀ ಹೆಸರಿದ್ದರೆ ಹಾಗೆಯೇ ಕರೆಯಬಹುದು. ಇನಿಷಿಯಲ್ ಸಮೇತ ಇದ್ದರೆ ಅವರಾಗಿ ಇಳಿಯುವ ತನಕ ನಾನೂ ಮೆಟ್ಟಿಲ ಮೇಲೇ ನಿಂತಿರುತ್ತೇನೆ. ಅವರು ‘ಹಾಯ್’ ಎಂದ ಮೇಲೂ ‘ರೆಸ್ಪೆಕ್ಟೆಡ್’ ಎನ್ನುತ್ತಿದ್ದರೆ ಅದು ವಿನಯವಲ್ಲ, ಚಪ್ಪಲಿ ಬಿಡಬೇಡಿ ಎಂದರೂ ಹೊಸ್ತಿಲಾಚೆ ಬಿಟ್ಟು ಬಂದು ಮನೆಯವರಿಗೆ ಮುಜುಗರ ಮಾಡುವ ಹಟ.

ಕೊನೆಗೆ ಕೆಲಸ ಕೊಡಿಸಿದ್ದು ಕಿರಣೇ. ಕಂಪನಿಯ ಅರ್ಜಿಯಲ್ಲಿ ‘ಲಾಸ್ಟ್ ನೇಮ್’ ಕೇಳಿದಲ್ಲಿ, ನಮ್ಮಲ್ಲಿ ಅದೆಲ್ಲಿಯದು ಎಂದು ಇನಿಷಿಯಲ್ ತುಂಬಿದ್ದೆ. ಆಫರ್ ಲೆಟರ್ ಶುರುವಾದದ್ದು ‘ಡಿಯರ್ ಮಿಸ್ಟರ್ ಎಚ್’ ಎಂದು.