ಮಡಿಯುಟ್ಟ ಮೇಲ್

ಆಫೀಸಿನಲ್ಲಿ ನನ್ನ ಹುದ್ದೆಯ ಹೆಸರು ಎಚ್‌ಆರ್ ಮ್ಯಾನೇಜರ್. ಮಾಡುವ ಕೆಲಸ ಮಾತ್ರ ಮಡಿ ಮಾಡುವುದು. ರಾತ್ರಿ ಹತ್ತೂವರೆಗೆ ಊಟ ಮುಗಿಸಿ ಸೋಫಾಕ್ಕೆ ಒರಗಿದ ನಮ್ಮ ಸಾಹೇಬರು ‘ಹೈರಿಂಗ್ ಅರ್ಜೆಂಟ್’ ಎಂಬ ವಾಟ್ಸ್ಆ್ಯಪ್ ಗುಂಪಿನಲ್ಲಿ ಮನಸ್ಸಿಗೆ ಬಂದದ್ದನ್ನು ಬಂದಹಾಗೆ ಹಾಕುತ್ತಾರೆ. ಬೆಳಗ್ಗೆ ಒಂಬತ್ತೂವರೆಗೆ ನಾನು ಅದನ್ನು ನೆನೆಸಿ, ತಿಕ್ಕಿ, ಹಿಂಡಿ, ಇಂಗ್ಲಿಷಿನಲ್ಲಿ ಒಣಹಾಕಿ, ಲೆಟರ್‌ಹೆಡ್ಡಿನ ಮೇಲೆ ಗೆರೆ ಮುರಿಯದಂತೆ ಮಡಚಿ ಇಡುತ್ತೇನೆ. ಹದಿನಾಲ್ಕು ವರ್ಷದಲ್ಲಿ ಒಂದು ಕಲೆಯೂ ಹೊರಗೆ ಕಂಡಿಲ್ಲ.

ಕೆಲವು ಕಲೆಗಳಿಗೆ ಸೋಪು ಸಿದ್ಧವಾಗಿಯೇ ಇರುತ್ತದೆ. ‘48 ವಯಸ್ಸಂತೆ, ಅಂಕಲ್‌ನ ಕರ್ಕೊಂಡು ಏನ್ ಮಾಡೋದು’ ಎಂದು ಬಂದರೆ ‘ಓವರ್ ಕ್ವಾಲಿಫೈಡ್’. ಅಭ್ಯರ್ಥಿಯ ಹೆಸರಿನ ಮುಂದೆ ಬರೀ ಇನಿಶಿಯಲ್ ಇದ್ದು ಅಡ್ಡಹೆಸರು ಇಲ್ಲದಿದ್ದರೆ ಸಾಹೇಬರಿಗೆ ನಿದ್ದೆ ಬರುವುದಿಲ್ಲ. ‘ಯಾವ ಕಡೆಯವರು, ಸ್ವಲ್ಪ ವಿಚಾರಿಸಿ’ ಎನ್ನುತ್ತಾರೆ. ನಾನು ಇಂಟರ್‌ವ್ಯೂನಲ್ಲಿ ಊರು ಕೇಳುತ್ತೇನೆ, ಮನೆದೇವರು ಕೇಳುತ್ತೇನೆ, ‘ಕ್ಯಾಂಟೀನಿನಲ್ಲಿ ವೆಜ್ ಮಾತ್ರ, ಪರವಾಗಿಲ್ಲ ತಾನೇ?’ ಎಂದು ನಗುತ್ತೇನೆ. ಉತ್ತರ ಗುಂಪಿಗೆ ಹೋಗುತ್ತದೆ. ಹೊರಬರುವ ಮೇಲ್‌ನಲ್ಲಿ ಇರುವುದು ಎರಡೇ ಪದ: ‘ಕಲ್ಚರ್ ಫಿಟ್’ ಇಲ್ಲ. ಜಾತಿ ಅಂದರೆ ಕೊಳೆ, ಕಲ್ಚರ್ ಅಂದರೆ ಮಡಿ. ಸಂವಿಧಾನದ 16ನೇ ವಿಧಿ ಇದೆಯಲ್ಲ ಸರ್ ಎಂದು ಒಮ್ಮೆ ಹೇಳಿ ನೋಡಿದೆ. ‘ಅದು ಸರ್ಕಾರಿ ನೌಕರಿಗೆ ಕಣ್ರೀ, ನಮ್ಮದು ಪ್ರೈವೇಟ್ ಲಿಮಿಟೆಡ್’ ಎಂದರು. ಕಾನೂನು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಸೋಪು ಕೈಕೊಟ್ಟಿದ್ದು ಹೋದ ವರ್ಷ, ಅಕೌಂಟ್ಸ್ ವಿಭಾಗದ ಒಂದು ಹುದ್ದೆಗೆ. ಕೊನೆಗೆ ಉಳಿದವರು ಇಬ್ಬರು. ಇಬ್ಬರಿಗೂ ಒಂದೇ ಪರೀಕ್ಷೆ: ಟ್ಯಾಲಿಯಲ್ಲಿ ಒಂದು ತಿಂಗಳ ಖರೀದಿ ಲೆಕ್ಕ, ಅದನ್ನು ಜಿಎಸ್‌ಟಿ ಪೋರ್ಟಲಿನ ಲೆಕ್ಕದೊಂದಿಗೆ ತಾಳೆ ಹಾಕುವುದು. ಆಕೆಗೆ 20ಕ್ಕೆ 17. ನಾವೇ ನೋಡದಿದ್ದ ಎರಡು ಬಿಲ್ಲಿನ ವ್ಯತ್ಯಾಸವನ್ನೂ ಹಿಡಿದುಕೊಟ್ಟಿದ್ದರು. ಆತನಿಗೆ 12. ರಾತ್ರಿ ಸಾಹೇಬರ ಸಂದೇಶ ಬಂತು: ‘ಹುಡುಗಿ ಚೆನ್ನಾಗಿ ಮಾಡಿದಾಳೆ. ಆದ್ರೆ ಹೋದ ತಿಂಗಳು ಮದುವೆ ಆಗಿದೆ. ವರ್ಷದೊಳಗೆ ಸಿಹಿ ಸುದ್ದಿ, ಆಮೇಲೆ 26 ವಾರ ರಜ. ಬೇಡ.’

26 ವಾರ ಸರಿಯಾದ ಲೆಕ್ಕವೇ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲೆರಡು ಮಕ್ಕಳಿಗೆ ಅಷ್ಟು ರಜೆ, ಪೂರ್ತಿ ಸಂಬಳದೊಂದಿಗೆ. ಇಎಸ್‌ಐ ವ್ಯಾಪ್ತಿಗೆ ಬಾರದವರ ಸಂಬಳವನ್ನು ಮಾಲೀಕರೇ ಕೊಡಬೇಕು. ಸರ್ಕಾರ ಪುಣ್ಯ ಕಟ್ಟಿಕೊಂಡಿತು, ಬಿಲ್ಲು ಸಾಹೇಬರ ಟೇಬಲ್ಲಿಗೆ ಬಂತು. ಹಾಗಾಗಿ ಅಭ್ಯರ್ಥಿ ಇನ್ನೂ ಯೋಚಿಸಿರದ ಬಸಿರಿನ ದಿನ ಎಣಿಸುವ ಜವಾಬ್ದಾರಿಯನ್ನೂ ಅವರೇ ಹೊತ್ತರು.

ನಾನು ಎಂದಿನಂತೆ ನೆನೆಹಾಕಿದೆ. ‘ಹುದ್ದೆಗೆ ಬೇಕಾದ ದೀರ್ಘಾವಧಿ ಸ್ಟೆಬಿಲಿಟಿಗೆ ಹೊಂದದ ಕಾರಣ’ ಎಂದು ಬರೆದೆ. ಹೊಳೆಯುತ್ತಿತ್ತು. ಕಳಿಸುವ ಮುಂಚೆ, ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗಿಗೆ ‘ನೋಡಮ್ಮ, ಹೀಗೆ ಬರೀಬೇಕು’ ಎಂದು ತೋರಿಸಿದೆ. ಆಕೆ ಮೇಲ್ ಓದಲಿಲ್ಲ. ಗುಂಪನ್ನು ಮೇಲಕ್ಕೆ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. ಅದೇ ಸಂಜೆ, ಆ 12 ಅಂಕದ ಹುಡುಗನ ಬಗ್ಗೆ ಸಾಹೇಬರು ಬರೆದಿದ್ದರು: ‘ಹೊಸದಾಗಿ ಮದುವೆ ಆಗಿದೆ. ಜವಾಬ್ದಾರಿ ಬಂದಿರತ್ತೆ. ಕೆಲಸ ಬಿಟ್ಟು ಓಡಲ್ಲ. ತಗೊಳ್ಳಿ.’

‘ಸರ್, ಇಬ್ಬರಿಗೂ ಮದುವೆ ಆಗಿದೆ. ಒಬ್ಬರಿಗೆ ಮಾತ್ರ ಸ್ಟೆಬಿಲಿಟಿ ಹೇಗೆ ಹೋಯ್ತು?’ ಎಂದಳು.

ಹದಿನಾಲ್ಕು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ. ಆಕೆಯ ವಿಧಾನ ನನ್ನ ಅಜ್ಜಿ ಅಕ್ಕಿ ಆರಿಸುವ ಹಾಗೆ ಸರಳ. ಸಂದೇಶದಲ್ಲಿ ಆ ವ್ಯಕ್ತಿಯ ಹುಟ್ಟು, ಮನೆ, ಮೈ ಇವುಗಳಿಗೆ ಸೇರಿದ ಮಾತನ್ನೆಲ್ಲ ಹೊಡೆದುಹಾಕು. ಮಿಕ್ಕದ್ದರಲ್ಲಿ ಕೆಲಸದ ಮಾತು ಎಷ್ಟಿದೆ ನೋಡು. ಇದ್ದರೆ ಅದನ್ನು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಯಾಗಿ ಕೇಳು. ಇಲ್ಲದಿದ್ದರೆ ತಿದ್ದಬೇಕಾದದ್ದು ವಾಕ್ಯವಲ್ಲ, ತೀರ್ಮಾನ.

ಎರಡು ಸಂದೇಶದ ಮೇಲೆ ಪ್ರಯೋಗ ಮಾಡಿ ತೋರಿಸಿದಳು. ಮೊದಲನೆಯದು ಇನ್ನೊಂದು ಹುದ್ದೆಯ ಬಗ್ಗೆ ಬಂದಿದ್ದ ‘ಹುಡುಗಿ ಬೇಡ, ತಿಂಗಳ ಕೊನೇಲಿ ರಾತ್ರಿ ಆಗತ್ತೆ’. ‘ಹುಡುಗಿ ಬೇಡ’ ಹೊಡೆದರೆ ಉಳಿಯುವುದು ನಿಜವಾದ ಕೆಲಸದ ಮಾತು. ಅದನ್ನು ‘ತಿಂಗಳ ಕೊನೆಯ ಐದು ದಿನ ರಾತ್ರಿ ಒಂಬತ್ತರವರೆಗೆ ಇರಬೇಕಾಗುತ್ತದೆ, ಕಂಪನಿ ಕ್ಯಾಬ್ ಇದೆ, ನಿಮಗೆ ಆಗುತ್ತದೆಯೇ?’ ಎಂದು ಬದಲಿಸಿದಳು. ಗಂಡಸರನ್ನೂ ಕೇಳಿದೆವು. ಇಬ್ಬರು ಆಗುವುದಿಲ್ಲ ಎಂದರು. ಅಲ್ಲಿಯವರೆಗೆ ನಮಗೆ ಅದು ಗೊತ್ತೇ ಇರಲಿಲ್ಲ.

ಎರಡನೆಯದು 17 ಅಂಕದಾಕೆಯ ಸಂದೇಶ. ಮದುವೆ ಹೊಡೆದಳು, ಸಿಹಿ ಸುದ್ದಿ ಹೊಡೆದಳು, 26 ವಾರ ಹೊಡೆದಳು. ಉಳಿದದ್ದು ‘ಚೆನ್ನಾಗಿ ಮಾಡಿದಾಳೆ. ಬೇಡ.’ ಈ ಎರಡು ಮಾತಿನ ನಡುವೆ ಸೇತುವೆ ಕಟ್ಟುವ ಪದ ಯಾವ ಡಿಕ್ಷನರಿಯಲ್ಲೂ ಇಲ್ಲ. ನಾನು ಇಷ್ಟು ವರ್ಷ ಕಟ್ಟುತ್ತಿದ್ದುದು ಆ ಸೇತುವೆಯನ್ನೇ.

ಮೊದಲು ನನಗೆ ಹೊಳೆದದ್ದು ‘ಡಿಲೀಟ್ ಫಾರ್ ಎವ್ರಿವನ್’. ‘ಅಳಿಸಿದ ಗುರುತು ಅಲ್ಲೇ ಉಳಿಯತ್ತೆ ಸರ್. ಗುಂಪಿನಲ್ಲಿ ಒಂಬತ್ತು ಜನ ಇದೀವಿ, ಯಾರು ಸ್ಕ್ರೀನ್‌ಶಾಟ್ ತೆಗೆದಿದಾರೋ’ ಎಂದಳು. ಅದೂ ನಿಜ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ತಕ್ಕ ಪ್ರಮಾಣಪತ್ರ ಲಗತ್ತಿಸಿದರೆ ಫೋನಿನ ಚಾಟೂ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತದೆ. ನೇಮಕಾತಿಯಲ್ಲಿ ಹೆಣ್ಣು ಗಂಡೆಂದು ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಇಲ್ಲಿ ಪ್ರೈವೇಟ್ ಲಿಮಿಟೆಡ್ ಎಂಬ ಕೊಡೆ ಹಿಡಿಯಲು ಬರುವುದಿಲ್ಲ. ಅಂದರೆ ನನ್ನ ಬಳಿ ಕೊಳೆಬಟ್ಟೆಯೂ ಇತ್ತು, ಒಗೆದ ಬಟ್ಟೆಯೂ ಇತ್ತು. ಎರಡನ್ನೂ ಪಕ್ಕಪಕ್ಕ ಹರಡಿದರೆ ಒಗೆದವನು ಯಾರೆಂಬುದೂ ಗೊತ್ತಾಗುತ್ತಿತ್ತು. ಬರೀ ಕೊಳೆ ಇದ್ದರೆ ಸಾಹೇಬರ ಬಾಯಿ ಜಾರಿತು ಎನ್ನಬಹುದು. ಮೇಲ್ ಇದ್ದರೆ ಮುಚ್ಚಿಟ್ಟಿದ್ದೂ ಸೇರುತ್ತದೆ.

ಧೈರ್ಯ ಮಾಡಿ ಅಕೌಂಟ್ಸ್‌ನ ಆ ಇಬ್ಬರ ಬಗೆಗಿನ ಎರಡೂ ಸಂದೇಶ, ಎರಡೂ ಅಂಕಪಟ್ಟಿ ಹಿಡಿದು ಸಾಹೇಬರ ಕ್ಯಾಬಿನ್ನಿಗೆ ಹೋದೆ. ‘ಸರ್, ಈ ಮೇಲ್ ಬರೆಯಲು ಆಗ್ತಿಲ್ಲ. ಕಾರಣ ಸಿಗ್ತಿಲ್ಲ.’ ಅವರು ಓದಿದರು. ತಮ್ಮ ಎರಡು ಮಾತನ್ನು ಒಂದರ ಕೆಳಗೊಂದು ನೋಡಿ ತುಸು ಹೊತ್ತು ಸುಮ್ಮನಿದ್ದರು. ‘ಆಯ್ತು, ಆ ಹುಡುಗೀನೇ ತಗೊಳ್ಳಿ’ ಎಂದರು. ಆಕೆ ಸೇರಿದರು. ಮೊದಲ ತಿಂಗಳಲ್ಲೇ ಹಳೆಯ ಬಿಲ್ಲುಗಳಲ್ಲಿ ಇನ್ನೂ ನಾಲ್ಕು ವ್ಯತ್ಯಾಸ ಹಿಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸಾಹೇಬರು ಬದಲಾದರು ಎಂದು ಬರೆಯಬಹುದಿತ್ತು. ಬದಲಾಗಿದ್ದಾರೆ ಕೂಡ. ಈಗ ತಿರಸ್ಕಾರದ ಮೇಲ್‌ಗಳಲ್ಲಿ ಕಾರಣ ಬರೆಯುವುದೇ ಬೇಡ ಎಂದು ಆದೇಶವಾಗಿದೆ. ಬೇಡವಾದವರಿಗೆ ಮೌನ, ಅದಕ್ಕಿಂತ ಮಡಿ ಇನ್ನೇನಿದೆ? ಗುಂಪೂ ಬೆಳ್ಳಗಾಗಿದೆ. ವಯಸ್ಸಿಲ್ಲ, ಊರಿಲ್ಲ, ಮದುವೆಯಿಲ್ಲ. ರಾತ್ರಿ ಹತ್ತೂವರೆಗೆ ಪ್ರತಿ ಅಭ್ಯರ್ಥಿಯ ಹೆಸರಿನ ಕೆಳಗೂ ಸಾಹೇಬರು ಒಂದೇ ಮಾತು ಹಾಕುತ್ತಾರೆ: ‘ಫೋನ್ ಮಾಡಿ.’

ಅದರಲ್ಲಿ ಒಗೆಯುವುದಕ್ಕೆ ಏನೂ ಇಲ್ಲ. ಹೊಸ ಹುಡುಗಿಗೆ ಹೊಡೆದುಹಾಕುವುದಕ್ಕೂ ಏನೂ ಸಿಗುತ್ತಿಲ್ಲ.